ಫಂಕ್ಷನ್ ಕ್ಯಾನ್ಸಲ್ ಆಯಿತು, ಡೆಕೋರೇಟರ್ ಹತ್ತಿರ ಅಡ್ವಾನ್ಸ್ ವಾಪಸ್ ಕೇಳುವುದು ಹೇಗೆ?

ಫಂಕ್ಷನ್ ಕ್ಯಾನ್ಸಲ್ ಆದರೆ ಮಂಟಪದವರು, ಅಡುಗೆಯವರು, ಫೋಟೋದವರು, ಡೆಕೋರೇಷನ್‌ನವರು ಎಲ್ಲರ ಹತ್ತಿರವೂ ಒಂದಿಷ್ಟು ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ. ಮಂಟಪದವರ ಹತ್ತಿರ ರಸೀದಿ ಪುಸ್ತಕ ಇರುತ್ತದೆ, ನಿಯಮ ಬರೆದ ಹಾಳೆ ಇರುತ್ತದೆ. ಡೆಕೋರೇಟರ್ ಹತ್ತಿರ ಇರುವುದು ಒಂದು ಕೊಟೇಶನ್, ಅದರ ಕೆಳಗೆ ಸಣ್ಣ ಅಕ್ಷರದ ನಾಲ್ಕು ಷರತ್ತು, ಆಮೇಲೆ ಉದ್ದದ ಒಂದು ವಾಟ್ಸಾಪ್ ಚಾಟ್. ಅದಕ್ಕೇ ಇಲ್ಲಿ ಡೆಕೋರೇಟರ್ ಅಡ್ವಾನ್ಸ್ ಒಂದನ್ನೇ ತೆಗೆದುಕೊಂಡು ಮೊದಲಿಂದ ಕೊನೆವರೆಗೆ ನೋಡೋಣ.

ಲೆಕ್ಕಕ್ಕೆ ಒಂದು ಉದಾಹರಣೆ. ಬನಶಂಕರಿ ಕಡೆಯ ಒಂದು ಮನೆ. 2025ರ ನವೆಂಬರ್ 30, ಭಾನುವಾರ ಮಗಳ ರಿಸೆಪ್ಷನ್. ಡೆಕೋರೇಷನ್ 3,00,000 ರೂಪಾಯಿ, ಶೇ. 18 ಜಿಎಸ್‌ಟಿ ಸೇರಿ 3,54,000. ಅಡ್ವಾನ್ಸ್ ಕೊಟ್ಟದ್ದು 1,18,000, ಅಂದರೆ ಒಂದು ಲಕ್ಷ ಮತ್ತು ಅದರ ಮೇಲಿನ ಜಿಎಸ್‌ಟಿ 18,000. ಅಕ್ಟೋಬರ್ 13ಕ್ಕೆ ಸಂಬಂಧ ಮುರಿದುಬಿತ್ತು, ಫಂಕ್ಷನ್ ಇಲ್ಲ. ಇನ್ನೂ 48 ದಿನ ಬಾಕಿ ಇತ್ತು. ಈ ಉದಾಹರಣೆಯನ್ನೇ ಕೊನೆವರೆಗೂ ಇಟ್ಟುಕೊಳ್ಳೋಣ.

ಮೊದಲು ಬರವಣಿಗೆಯಲ್ಲಿ ತಿಳಿಸಿ, ಆಮೇಲೆ ಜಗಳ

ಫೋನ್ ಮಾಡಿ ಹೇಳಿದರೆ ಆಯಿತು ಅಂದುಕೊಳ್ಳಬೇಡಿ. ಮನೆಯಲ್ಲಿ ಎಲ್ಲರೂ ತಲೆಕೆಟ್ಟು ಕೂತಿರುವ ಹೊತ್ತಲ್ಲಿ ಡೆಕೋರೇಟರ್‌ಗೆ ಮೆಸೇಜ್ ಬರೆಯುವ ಮನಸ್ಸು ಯಾರಿಗಿರುತ್ತೆ, ಅದು ನಿಜ. ಆದರೆ ರಿಫಂಡ್ ಎಷ್ಟು ಅನ್ನುವುದು ಬಹಳ ಸಲ ತಾರೀಖಿನ ಮೇಲೆ ನಿಂತಿರುತ್ತದೆ. ನಮ್ಮ ಉದಾಹರಣೆಯ ಅಗ್ರಿಮೆಂಟ್‌ನಲ್ಲಿ ಹೀಗಿದೆ: 45 ದಿನಕ್ಕಿಂತ ಮೊದಲು ರದ್ದು ಮಾಡಿದರೆ ಅಡ್ವಾನ್ಸ್‌ನ ಶೇ. 25 ಕಡಿತ, 45ರಿಂದ 15 ದಿನದ ಒಳಗಾದರೆ ಶೇ. 50, ಅದಕ್ಕಿಂತ ತಡವಾದರೆ ಏನೂ ವಾಪಸ್ ಇಲ್ಲ. 13ಕ್ಕೆ ಫೋನ್‌ನಲ್ಲಿ ಹೇಳಿ 18ಕ್ಕೆ ಮೆಸೇಜ್ ಹಾಕಿದ್ದರೆ, ಬರವಣಿಗೆಯ ಲೆಕ್ಕದಲ್ಲಿ ಅದು 43 ದಿನ. ಐದು ದಿನ ಸುಮ್ಮನಿದ್ದದ್ದಕ್ಕೆ ಒಂದು ಹಂತ ಕೆಳಗೆ, ಹತ್ತಿರ ಹತ್ತಿರ ಮೂವತ್ತು ಸಾವಿರ ಕೈಬಿಟ್ಟ ಹಾಗೆ.

ಹಾಗಾಗಿ ಫೋನ್ ಇಟ್ಟ ತಕ್ಷಣ ಎರಡು ಸಾಲು ಸಾಕು: "ಈಗ ಫೋನ್‌ನಲ್ಲಿ ಮಾತಾಡಿದ ಹಾಗೆ, ನವೆಂಬರ್ 30ರ ರಿಸೆಪ್ಷನ್ ರದ್ದಾಗಿದೆ. ಡೆಕೋರೇಷನ್ ಬುಕಿಂಗ್ ಇವತ್ತಿನಿಂದ ಕ್ಯಾನ್ಸಲ್ ಮಾಡುತ್ತಿದ್ದೇವೆ. ಇನ್ನು ಮುಂದೆ ಯಾವ ಸಾಮಾನೂ ತರಿಸಬೇಡಿ, ಯಾರಿಗೂ ಅಡ್ವಾನ್ಸ್ ಕೊಡಬೇಡಿ." ಕೊನೆಯ ವಾಕ್ಯ ಬಿಡಬೇಡಿ. ನಾಳೆ ಅವರು "ಆಗಲೇ ಖರ್ಚು ಮಾಡಿಬಿಟ್ಟಿದ್ದೆ" ಅಂದರೆ, ಯಾವ ದಿನದ ಖರ್ಚು ಅಂತ ಕೇಳಲಿಕ್ಕೆ ನಿಮಗೆ ಒಂದು ಗೆರೆ ಸಿಗುತ್ತದೆ.

ಇಲ್ಲೇ ಇನ್ನೊಂದು ಸಿಕ್ಕು ಇದೆ. ಸೂತಕ ಬಂದೋ ಹುಷಾರು ತಪ್ಪಿಯೋ ಫಂಕ್ಷನ್ ನಿಂತರೆ ನಮ್ಮ ಬಾಯಲ್ಲಿ ಬರುವುದು "ಸದ್ಯಕ್ಕೆ ಮುಂದಕ್ಕೆ ಹಾಕಿದ್ದೀವಿ" ಅಂತ. ಡೆಕೋರೇಟರ್ ಕೂಡ "ತೊಂದ್ರೆ ಇಲ್ಲ ಸಾರ್, ಮುಂದಿನ ಡೇಟಿಗೆ ಅಡ್ಜಸ್ಟ್ ಮಾಡ್ಕೊಳ್ಳೋಣ" ಅನ್ನುತ್ತಾರೆ. ಹೊಸ ಮುಹೂರ್ತ, ಮಂಟಪ ಎರಡೂ ಗೊತ್ತಾಗಿದ್ದರೆ ಒಪ್ಪಿಕೊಳ್ಳಿ, ಅದು ಇಬ್ಬರಿಗೂ ಒಳ್ಳೆಯದೇ. ಆದರೆ ತಾರೀಖೇ ಗೊತ್ತಿಲ್ಲದೆ ಹೂಂ ಅಂದರೆ, ಆರು ತಿಂಗಳು ಬಿಟ್ಟು ರಿಫಂಡ್ ಕೇಳಿದಾಗ "ನೀವು ಕ್ಯಾನ್ಸಲ್ ಅಂತ ಹೇಳೇ ಇಲ್ವಲ್ಲ" ಅನ್ನುವ ಉತ್ತರ ಬರುತ್ತದೆ. ಅಷ್ಟು ಹೊತ್ತಿಗೆ 45 ದಿನ ಯಾವತ್ತೋ ದಾಟಿಹೋಗಿರುತ್ತದೆ.

ಅಗ್ರಿಮೆಂಟ್ ಓದುವಾಗ ಒಂದೇ ಪ್ರಶ್ನೆ: ಯಾವುದರ ಶೇಕಡಾ?

ಈಗ ಕೊಟೇಶನ್, ಸಹಿ ಮಾಡಿದ ಅಗ್ರಿಮೆಂಟ್, ಅಡ್ವಾನ್ಸ್ ರಸೀದಿ, ಬ್ಯಾಂಕ್ ಅಥವಾ ಯುಪಿಐ ದಾಖಲೆ, ವಾಟ್ಸಾಪ್ ಚಾಟ್ ಎಲ್ಲ ಒಂದು ಕಡೆ ಹಾಕಿ. ಚಾಟ್‌ನ ಸ್ಕ್ರೀನ್‌ಶಾಟ್ ಅಷ್ಟೇ ಸಾಲದು, ಪೂರ್ತಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಅಡ್ವಾನ್ಸ್‌ನಲ್ಲಿ ಒಂದು ಭಾಗ ಕ್ಯಾಶ್ ಕೊಟ್ಟಿದ್ದು ರಸೀದಿ ಇಲ್ಲ ಅಂದರೆ, ಸಂಬಂಧ ಇನ್ನೂ ಚೆನ್ನಾಗಿರುವಾಗಲೇ ಒಂದು ಮೆಸೇಜ್ ಹಾಕಿ "ಇಂಥ ದಿನ ಇಷ್ಟು ನಗದು ಕೊಟ್ಟದ್ದು ನಿಮ್ಮ ಲೆಕ್ಕದಲ್ಲಿ ಇದೆ ಅಲ್ವಾ?" ಅಂತ ಕೇಳಿ. "ಹೌದು ಸಾರ್" ಅಂತ ಬಂದರೆ ಅದೇ ರಸೀದಿ.

ಆಮೇಲೆ ಕ್ಯಾನ್ಸಲೇಷನ್ ಷರತ್ತು ಓದಿ. ಶೇ. 25 ಕಡಿತ ಅಂತ ಇದ್ದರೆ ಯಾವುದರ ಶೇ. 25? ಅಡ್ವಾನ್ಸ್‌ನದಾ, ಒಟ್ಟು ಕಾಂಟ್ರಾಕ್ಟ್ ಮೊತ್ತದ್ದಾ? ನಮ್ಮ ಉದಾಹರಣೆಯಲ್ಲಿ ಅಡ್ವಾನ್ಸ್‌ನ ಕಾಲು ಭಾಗ ಅಂದರೆ 25,000. ಒಟ್ಟು ಮೊತ್ತದ ಕಾಲು ಭಾಗ ಅಂದರೆ 75,000. ಒಂದು ಪದ ಆ ಕಡೆ ಈ ಕಡೆ ಆದರೆ ಐವತ್ತು ಸಾವಿರ ವ್ಯತ್ಯಾಸ, ಅದೂ ಜಿಎಸ್‌ಟಿ ಬಿಟ್ಟು. ನಮ್ಮ ಅಗ್ರಿಮೆಂಟ್‌ನಲ್ಲಿ "ಅಡ್ವಾನ್ಸ್‌ನ" ಅಂತ ಸ್ಪಷ್ಟವಾಗಿದೆ, ಬಚಾವ್. ಸ್ಪಷ್ಟವಾಗಿಲ್ಲ ಅಂದರೆ ನಿಮಗೆ ಅನುಕೂಲವಾದ ಅರ್ಥವನ್ನೇ ಇಟ್ಟುಕೊಂಡು ಪತ್ರ ಬರೆಯಿರಿ. ಅಸ್ಪಷ್ಟ ಷರತ್ತು ಬರೆದವರು ಅವರು, ಅದರ ಕಷ್ಟವನ್ನೂ ಅವರೇ ಹೊರಬೇಕು ಅಂತ ವಾದ ಮಾಡಲು ಜಾಗ ಇದೆ.

"ಫೋರ್ಸ್ ಮೆಜ್ಯೂರ್" ಅಂತ ಒಂದು ಷರತ್ತು ಕಂಡರೆ ಖುಷಿಪಡಬೇಡಿ. ಸಾಮಾನ್ಯವಾಗಿ ಅದರಲ್ಲಿ ಇರುವುದು ಪ್ರವಾಹ, ಗಲಭೆ, ಸರ್ಕಾರದ ನಿರ್ಬಂಧ ಇಂಥವು. ಸಂಬಂಧ ಮುರಿದದ್ದು ಅದರಲ್ಲಿ ಬರುವುದಿಲ್ಲ, ಮನೆಯಲ್ಲಿ ಸಾವಾದದ್ದೂ ಹೆಸರಿಸಿ ಬರೆದಿದ್ದರೆ ಮಾತ್ರ.

"ಅಡ್ವಾನ್ಸ್ ವಾಪಸ್ ಇಲ್ಲ" ಅಂತ ಬರೆದಿದ್ದರೆ?

ನಮ್ಮ ಉದಾಹರಣೆಯಲ್ಲೂ ಈ ತಕರಾರು ಬಂತು. ಆಗಸ್ಟ್‌ನ ಕೊಟೇಶನ್ ಕೆಳಗೆ "ಅಡ್ವಾನ್ಸ್ ನಾನ್ ರಿಫಂಡಬಲ್" ಅಂತ ಅಚ್ಚಾಗಿತ್ತು. ಸೆಪ್ಟೆಂಬರ್‌ನಲ್ಲಿ ಸಹಿ ಮಾಡಿದ ಅಗ್ರಿಮೆಂಟ್‌ನಲ್ಲಿ ಮೇಲೆ ಹೇಳಿದ ಮೂರು ಹಂತ. ಡೆಕೋರೇಟರ್ ಹಿಡಿದುಕೊಂಡದ್ದು ಕೊಟೇಶನ್. ಉತ್ತರ ಸುಲಭ: ಕೊಟೇಶನ್ ಬರೀ ಪ್ರಸ್ತಾಪ, ಇಬ್ಬರೂ ಸಹಿ ಮಾಡಿದ್ದು ಆಮೇಲಿನ ಅಗ್ರಿಮೆಂಟ್‌ಗೆ, ಅದರಲ್ಲಿ ಎಷ್ಟು ದಿನಕ್ಕೆ ಎಷ್ಟು ಅಂತ ಬಿಡಿಸಿ ಹೇಳಿದೆ, ಆದ್ದರಿಂದ ಅದೇ ನಡೆಯಬೇಕು.

ಆ ಒಂದು ಸಾಲು ಬಿಟ್ಟರೆ ಬೇರೆ ಅಗ್ರಿಮೆಂಟೇ ಇಲ್ಲ ಅನ್ನುವವರ ದಾರಿ ಸ್ವಲ್ಪ ಕಷ್ಟ, ಆದರೆ ಮುಚ್ಚಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಕರಾರು ಮುರಿದಾಗ ಇಷ್ಟು ಕೊಡಬೇಕು ಅಂತ ಮೊದಲೇ ಬರೆದಿದ್ದರೂ, ಸಿಗುವುದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಮೇಲಿನ ಮಿತಿ. 2015ರಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರದ ವಿರುದ್ಧ ಕೈಲಾಶ್ ನಾಥ್ ಅಸೋಸಿಯೇಟ್ಸ್ ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್, ನಷ್ಟವೇ ಆಗದಿದ್ದರೆ ಮುಟ್ಟುಗೋಲು ಹಾಕಿಕೊಳ್ಳುವಂತಿಲ್ಲ ಅನ್ನುವ ಅರ್ಥದಲ್ಲಿ ಇದನ್ನು ವಿವರಿಸಿದೆ. ಅದೇ ಕಾಯ್ದೆಯ 73ನೇ ಸೆಕ್ಷನ್‌ನ ವಿವರಣೆ ಇನ್ನೊಂದು ಮಾತು ಹೇಳುತ್ತದೆ: ನಷ್ಟ ಲೆಕ್ಕ ಹಾಕುವಾಗ, ಅದನ್ನು ಕಡಿಮೆ ಮಾಡಿಕೊಳ್ಳಲು ಏನು ದಾರಿ ಇತ್ತು ಅನ್ನುವುದನ್ನೂ ನೋಡಬೇಕು.

ಇಲ್ಲಿ ಡೆಕೋರೇಟರ್‌ಗೂ ಮಂಟಪಕ್ಕೂ ದೊಡ್ಡ ವ್ಯತ್ಯಾಸ ಇದೆ. ಮಂಟಪ ಒಂದು ದಿನಕ್ಕೆ ಒಂದೇ ಕುಟುಂಬಕ್ಕೆ ಹೋಗುತ್ತದೆ, ನೀವು ಹಿಡಿದಿಟ್ಟ ಭಾನುವಾರ ಬೇರೆಯವರಿಗೆ ಸಿಕ್ಕಿಲ್ಲ ಅನ್ನುವುದು ನಿಜವಾದ ನಷ್ಟ. ಡೆಕೋರೇಟರ್ ಒಂದೇ ದಿನ ಜಯನಗರದಲ್ಲಿ ಒಂದು, ರಾಜಾಜಿನಗರದಲ್ಲಿ ಒಂದು ಅಂತ ಎರಡು ಮೂರು ಕೆಲಸ ಹಿಡಿಯಬಲ್ಲರು. ನಿಮ್ಮ ಕೆಲಸ ಹೋಯಿತು ಅಂತ ಇನ್ನೊಂದು ಹಿಡಿಯಲು 48 ದಿನ ಸಮಯ ಇತ್ತು. ಅದೂ ಒಳ್ಳೆ ಮುಹೂರ್ತದ ದಿನ ಆಗಿದ್ದರೆ ನಿಮ್ಮ ವಾದಕ್ಕೆ ಇನ್ನೂ ಬಲ. ಆಷಾಢದಲ್ಲಿ ಇಟ್ಟುಕೊಂಡ ಪಾರ್ಟಿ ಆಗಿದ್ದರೆ ಈ ವಾದ ಅಷ್ಟು ಓಡುವುದಿಲ್ಲ, ಯಾಕಂದರೆ ಆ ದಿನಕ್ಕೆ ಬೇರೆ ಗಿರಾಕಿ ಸಿಗುವುದು ಕಷ್ಟ.

ಒಂದು ಮಾತು, ಈ ಸೆಕ್ಷನ್‌ಗಳನ್ನೆಲ್ಲ ಮೊದಲ ಪತ್ರಕ್ಕೇ ತುರುಕಬೇಡಿ. ಮೊದಲ ಪತ್ರದಲ್ಲಿ ಅವರದೇ ಅಗ್ರಿಮೆಂಟ್, ಅವರದೇ ಷರತ್ತು ಸಾಕು. ಕಾನೂನಿನ ಮಾತು ಬಂದ ಕೂಡಲೇ ಅವರು ಫೋನ್ ಎತ್ತುವುದು ನಿಲ್ಲಿಸಿಬಿಡುತ್ತಾರೆ.

"ಆಗಲೇ ಖರ್ಚಾಗಿದೆ" ಅಂದರೆ

"ಸಾರ್, ನಿಮ್ ಅಡ್ವಾನ್ಸ್ ಆಗ್ಲೇ ಹೂವಿನವ್ರಿಗೆ ಕೊಟ್ಬಿಟ್ಟಿದೀನಿ." ಇದು ಬಂದೇ ಬರುತ್ತದೆ. ಇದನ್ನು ಪರೀಕ್ಷಿಸಬಹುದು. ಸೇವಂತಿಗೆ, ಚೆಂಡುಹೂವು, ಮಲ್ಲಿಗೆ ಎಲ್ಲ ಕೆ.ಆರ್. ಮಾರ್ಕೆಟ್‌ನಿಂದ ಫಂಕ್ಷನ್‌ಗೆ ಒಂದೆರಡು ದಿನ ಮುಂಚೆ ಬರುವಂಥವು, ರೇಟೂ ದಿನ ದಿನ ಏರಿಳಿಯುತ್ತದೆ. ಬಾಡುವ ಹೂವನ್ನು 48 ದಿನ ಮುಂಚೆ ಯಾರೂ ಕೊಂಡಿಡುವುದಿಲ್ಲ. ಹೂವಿನವರಿಗೆ ಒಂದಿಷ್ಟು ಟೋಕನ್ ಕೊಟ್ಟಿರಬಹುದು, ಆದರೆ ಅದು ಅವರ ಮುಂದಿನ ಆರ್ಡರ್‌ಗೆ ಹೊಂದಿಕೊಂಡು ಹೋಗುತ್ತದೆ. ಸ್ಟೇಜಿನ ಕಬ್ಬಿಣದ ಫ್ರೇಮು, ಬಟ್ಟೆ, ಲೈಟು, ಸೋಫಾ ಇವೆಲ್ಲ ಅವರ ಗೋಡೌನಿನ ಸಾಮಾನು ಅಥವಾ ಬಾಡಿಗೆದು. ನಾಳೆ ಇನ್ನೊಬ್ಬರ ಫಂಕ್ಷನ್‌ಗೆ ಹೋಗುತ್ತವೆ.

ನಿಮಗೆ ಅಂತಲೇ ಮಾಡಿಸಿ ಬೇರೆಯವರಿಗೆ ಉಪಯೋಗ ಆಗದ್ದು ಯಾವುದು? ಜೋಡಿಯ ಹೆಸರು ಕೆತ್ತಿಸಿದ ಬೋರ್ಡು, ಫೋಟೋ ಹಾಕಿದ ಬ್ಯಾನರ್, ನೀವು ಹೇಳಿದ ಅಳತೆಗೆ ಕಟ್ಟಿಸಿದ ಬ್ಯಾಕ್‌ಡ್ರಾಪ್. ಇವು ನಿಜವಾದ ಖರ್ಚು. ನಮ್ಮ ಡೆಕೋರೇಟರ್ ಹೆಸರಿನ ಬೋರ್ಡಿಗೆ 8,000 ಆಗಿದೆ, ಅದನ್ನೂ ಮುರಿದುಕೊಳ್ಳುತ್ತೇನೆ ಅಂದರು. ಬಿಲ್ ಕೇಳಿ, ಬಿಲ್ಲಿನ ತಾರೀಖು ನೋಡಿ. ಅಕ್ಟೋಬರ್ 13ರ ನಂತರದ್ದಾದರೆ ಮಾತೇ ಬೇಡ. ಮೊದಲಿನದ್ದೇ ಆದರೂ, ಇಂಥ ಖರ್ಚಿಗೆ ಅಂತಲೇ 25,000 ಕಡಿತ ಇದೆಯಲ್ಲ? ಕಡಿತವನ್ನೂ ತೆಗೆದುಕೊಂಡು ಬೋರ್ಡಿನ ದುಡ್ಡನ್ನೂ ಬೇರೆಯಾಗಿ ಹಿಡಿಯಬಹುದು ಅಂತ ಅಗ್ರಿಮೆಂಟ್‌ನಲ್ಲಿ ಎಲ್ಲಿದೆ ತೋರಿಸಿ ಅನ್ನಿ. ಬೇಕಾದರೆ ಬೋರ್ಡ್ ಕೊಡಿ ಅಂತ ಕೇಳುವುದುಂಟು, ಆದರೆ ಮುರಿದ ಸಂಬಂಧದ ಹೆಸರಿನ ಬೋರ್ಡು ಯಾರಿಗೆ ಬೇಕು ಹೇಳಿ.

ಜಿಎಸ್‌ಟಿ ಮರೆಯಬೇಡಿ

"ಜಿಎಸ್‌ಟಿ ಆಗಲೇ ಸರ್ಕಾರಕ್ಕೆ ಕಟ್ಟಿದ್ದೇನೆ, ಅದು ವಾಪಸ್ ಬರಲ್ಲ" ಅನ್ನುವವರು ಬಹಳ. ಅದು ಪೂರ್ತಿ ಸರಿಯಲ್ಲ. ಸೇವೆಗೆ ಅಡ್ವಾನ್ಸ್ ಪಡೆದಾಗ ಅವರು ರಿಸೀಟ್ ವೋಚರ್ ಕೊಡಬೇಕು. ಸೇವೆ ನಡೆಯದೆ, ಟ್ಯಾಕ್ಸ್ ಇನ್‌ವಾಯ್ಸ್ ಕೂಡ ಆಗದೆ ಹಣ ಮರಳಿಸಿದರೆ ರಿಫಂಡ್ ವೋಚರ್ ಕೊಡಬೇಕು, ಇನ್‌ವಾಯ್ಸ್ ಆಗಿದ್ದರೆ ಕ್ರೆಡಿಟ್ ನೋಟ್. ಆ ಮೂಲಕ ಅವರು ತಮ್ಮ ತೆರಿಗೆ ಲೆಕ್ಕ ಸರಿಮಾಡಿಕೊಳ್ಳಲು ಆಗುತ್ತದೆ. ಕಡಿತ ಮಾಡಿಕೊಂಡ ಭಾಗಕ್ಕೆ ಜಿಎಸ್‌ಟಿ ಹಿಡಿಯಬಹುದು, ಮರಳಿಸುವ ಭಾಗದ ಜಿಎಸ್‌ಟಿ ನಿಮ್ಮದು. ಅಂದರೆ ಅವರಿಗೆ 25,000 ಮತ್ತು 4,500, ಒಟ್ಟು 29,500. ನಿಮಗೆ 75,000 ಮತ್ತು 13,500, ಒಟ್ಟು 88,500. ಈ ಅಂಕಿ ಕೈಯಲ್ಲಿ ಇಟ್ಟುಕೊಂಡೇ ಪತ್ರಕ್ಕೆ ಕೂರಿ.

ಟೈಮ್‌ಲೈನ್ ನೀವೇ ಹಾಕಿ

ಅಗ್ರಿಮೆಂಟ್‌ನಲ್ಲಿ ಎಷ್ಟು ವಾಪಸ್ ಅಂತ ಇರುತ್ತದೆ, ಯಾವಾಗ ಅಂತ ಇರುವುದಿಲ್ಲ. ಹಾಗಾಗಿ "ಬೇಗ ಕೊಡಿ" ಅಂತ ಬರೆದರೆ ಏನೂ ಬರೆಯದ ಹಾಗೆ. ತಾರೀಖು ಹಾಕಿ.

ತಾರೀಖು ಹಾಕುವಾಗ ಅವರ ಪರಿಸ್ಥಿತಿಯೂ ಗೊತ್ತಿರಲಿ. ಸಣ್ಣ ಡೆಕೋರೇಟರ್ ನಿಮ್ಮ ಅಡ್ವಾನ್ಸನ್ನು ಬೀರುವಿನಲ್ಲಿ ಇಟ್ಟುಕೊಂಡಿರುವುದಿಲ್ಲ. ಅದು ಹಿಂದಿನ ವಾರದ ಫಂಕ್ಷನ್‌ನ ಕೂಲಿಗೆ, ಟೆಂಪೋ ಬಾಡಿಗೆಗೆ ಹೋಗಿರುತ್ತದೆ. ಮತ್ತೆ ಕೈಗೆ ದುಡ್ಡು ಬರುವುದು ಮುಂದಿನ ಫಂಕ್ಷನ್‌ಗಳ ಬಾಕಿ ಬಂದಾಗ. ಮೂರು ದಿನದಲ್ಲಿ 88,500 ಇಡಿ ಅಂದರೆ ಅವರು ಮೊತ್ತದ ಬಗ್ಗೆಯೇ ಜಗಳ ಶುರು ಮಾಡುತ್ತಾರೆ. ಎರಡು ಕಂತು ಕೊಟ್ಟರೆ ಮೊತ್ತವನ್ನು ಒಪ್ಪಿಕೊಂಡು ಸಮಯ ಕೇಳುತ್ತಾರೆ, ನಮಗೆ ಬೇಕಾದದ್ದೂ ಅದೇ. ಮೊತ್ತ ಬರವಣಿಗೆಯಲ್ಲಿ ಒಪ್ಪಿದ ಮೇಲೆ ಉಳಿದದ್ದು ವಸೂಲಿ ಅಷ್ಟೇ.

ಪತ್ರ ಹೀಗಿರಲಿ. ಇಮೇಲ್‌ಗೆ ಕಳಿಸಿ, ಅದನ್ನೇ ವಾಟ್ಸಾಪ್‌ಗೂ ಹಾಕಿ:

> ವಿಷಯ: 30-11-2025ರ ರಿಸೆಪ್ಷನ್ ಡೆಕೋರೇಷನ್, ಅಡ್ವಾನ್ಸ್ ಮರುಪಾವತಿ
>
> ನಮಸ್ಕಾರ. ಮೇಲಿನ ಕಾರ್ಯಕ್ರಮವನ್ನು 13-10-2025ರಂದು ಫೋನ್ ಮತ್ತು ವಾಟ್ಸಾಪ್ ಮೂಲಕ ರದ್ದು ಮಾಡಿರುವುದು ನಿಮಗೆ ತಿಳಿದಿದೆ. ಆ ದಿನಕ್ಕೆ ಕಾರ್ಯಕ್ರಮಕ್ಕೆ 48 ದಿನ ಬಾಕಿ ಇತ್ತು.
>
> ನಾವಿಬ್ಬರೂ ಸಹಿ ಮಾಡಿದ ಅಗ್ರಿಮೆಂಟ್‌ನ ಕ್ಯಾನ್ಸಲೇಷನ್ ಷರತ್ತಿನ ಪ್ರಕಾರ, 45 ದಿನಕ್ಕಿಂತ ಮೊದಲು ರದ್ದಾದರೆ ಅಡ್ವಾನ್ಸ್‌ನ ಶೇ. 25 ಮಾತ್ರ ಕಡಿತ. ನಾವು ಕೊಟ್ಟ ಅಡ್ವಾನ್ಸ್ ಜಿಎಸ್‌ಟಿ ಸೇರಿ 1,18,000 ರೂ. ಕಡಿತ 29,500 ರೂ. ನಮಗೆ ಬರಬೇಕಾದದ್ದು 88,500 ರೂ. ಷರತ್ತಿರುವ ಪುಟ ಮತ್ತು ಪಾವತಿ ದಾಖಲೆ ಜೊತೆಗಿದೆ.
>
> ಈ ಮೊತ್ತವನ್ನು ಒಪ್ಪಿ 22-10-2025ರ ಒಳಗೆ ಉತ್ತರ ಕೊಡಿ. ಹಣವನ್ನು ಎರಡು ಕಂತಿನಲ್ಲಿ ಕೊಡಬಹುದು: 31-10-2025ಕ್ಕೆ 45,000 ರೂ., 15-11-2025ಕ್ಕೆ 43,500 ರೂ. ಅಡ್ವಾನ್ಸ್ ಕಳಿಸಿದ ನಮ್ಮ ಅದೇ ಖಾತೆಗೆ ಹಾಕಿ.
>
> ಬೇರೆ ಕಡಿತ ಏನಾದರೂ ಇದೆ ಎಂದಾದರೆ, ಅದಕ್ಕೆ ಅಗ್ರಿಮೆಂಟ್‌ನ ಯಾವ ಷರತ್ತು ಆಧಾರ ಎಂದು ತಿಳಿಸಿ ಬಿಲ್ ಪ್ರತಿ ಕಳಿಸಿ.

ಷರತ್ತನ್ನು ಅಗ್ರಿಮೆಂಟ್‌ನಲ್ಲಿ ಇದ್ದ ಭಾಷೆಯಲ್ಲೇ, ಅದರ ಸಂಖ್ಯೆ ಸಮೇತ ಹಾಕಿದರೆ ಇನ್ನೂ ಒಳ್ಳೆಯದು. ಸಂಬಂಧ ಯಾಕೆ ಮುರಿಯಿತು, ಮನೆಯಲ್ಲಿ ಎಷ್ಟು ನೋವಾಗಿದೆ ಅಂತ ಬರೆಯಬೇಡಿ. ಅದು ಫೋನ್‌ನಲ್ಲಿ ಹೇಳುವ ಮಾತು. "ರಿವ್ಯೂ ಹಾಕ್ತೀನಿ ನೋಡಿ" ಅಂತಲೂ ಬರೆಯಬೇಡಿ, ನಾಳೆ ಗ್ರಾಹಕ ಆಯೋಗದ ಮುಂದೆ ಆ ಸಾಲು ನಿಮ್ಮನ್ನೇ ನೋಡಿ ನಗುತ್ತದೆ. ಪೊಲೀಸ್ ಸ್ಟೇಷನ್ ಕೂಡ ಈ ಹಂತದಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಸಿವಿಲ್ ವ್ಯವಹಾರ ಅಂತ ವಾಪಸ್ ಕಳಿಸುತ್ತಾರೆ.

ಅರ್ಧ ಹಣ ಬಂದು ನಿಂತರೆ

ಜಾಸ್ತಿ ಆಗುವುದು ಇದೇ. ಮೊದಲ ಕಂತು ಬರುತ್ತದೆ, ಎರಡನೆಯದಕ್ಕೆ "ಸೀಸನ್ ಮುಗೀಲಿ ಸಾರ್". ಮೊದಲ ಕಂತು ಬಂದ ದಿನವೇ "45,000 ಬಂದಿದೆ, ಬಾಕಿ 43,500, ನವೆಂಬರ್ 15ಕ್ಕೆ" ಅಂತ ಉತ್ತರ ಹಾಕಿ. ಬರೀ ಥ್ಯಾಂಕ್ಸ್ ಹಾಕಿ ಸುಮ್ಮನಾಗಬೇಡಿ. "ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್" ಅಂತ ಬರೆದು ಕಡಿಮೆ ಹಣ ಕಳಿಸಿದರೆ, ಇದು ಭಾಗಶಃ ಪಾವತಿ ಅಂತ ಅವತ್ತೇ ತಿಳಿಸಿ. ಇನ್ನೂ ಸಮಯ ಕೇಳಿದರೆ ಎರಡನೇ ಕಂತಿಗೆ ಮುಂದಿನ ತಾರೀಖಿನ ಚೆಕ್ ಕೇಳಬಹುದು. ಚೆಕ್ ಆ ತಾರೀಖಿನಿಂದ ಮೂರು ತಿಂಗಳು ನಡೆಯುತ್ತದೆ. ಹಣವಿಲ್ಲದೆ ಬೌನ್ಸ್ ಆದರೆ, ಬ್ಯಾಂಕಿನ ಮೆಮೊ ಕೈಗೆ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು, ಅವರಿಗೆ ಕಟ್ಟಲು 15 ದಿನ ಸಿಗುತ್ತದೆ. ಚೆಕ್ ಕೊಟ್ಟವರು ಅದಕ್ಕೇ ಸ್ವಲ್ಪ ಹುಷಾರಾಗಿರುತ್ತಾರೆ.

ಕೊಟ್ಟ ತಾರೀಖು ದಾಟಿ ಉತ್ತರವೂ ಇಲ್ಲ ಅಂದರೆ ಎರಡನೇ ಪತ್ರ ಸ್ಪೀಡ್ ಪೋಸ್ಟ್‌ನಲ್ಲಿ, ಇನ್ನು 15 ದಿನ ಕೊಟ್ಟು. ಈಗ ಹಾಕಿ ಆ 73, 74ನೇ ಸೆಕ್ಷನ್. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಅವರು ಆದೇಶ ಮಾಡುವವರಲ್ಲ, ಮಧ್ಯೆ ನಿಂತು ಮಾತಾಡಿಸುವವರು.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸವಿರುವ ಜಾಗದ ಆಯೋಗದಲ್ಲೇ ದೂರು ಕೊಡಬಹುದು, ಡೆಕೋರೇಟರ್ ಹೊಸೂರಿನವರಾದರೂ ಸರಿ. ಕೊಟ್ಟ ಹಣ ಐದು ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು. ಆನ್‌ಲೈನ್‌ನಲ್ಲಿ e-jagriti.gov.in ಮೂಲಕ ಸಲ್ಲಿಸಬಹುದು. ದೂರಿನಲ್ಲಿ ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿ ಅಂತ ಕೇಳಿ. "ಈ ಷರತ್ತೇ ಅನ್ಯಾಯದ ಕರಾರು, ರದ್ದು ಮಾಡಿ" ಅಂತ ಕೇಳುವ ಅಧಿಕಾರ ಇರುವುದು ರಾಜ್ಯ ಆಯೋಗಕ್ಕೆ, ಜಿಲ್ಲೆಯಲ್ಲಿ ಅದನ್ನೇ ಮುಖ್ಯ ಮಾಡಿಕೊಂಡರೆ ದೂರು ಬಿದ್ದುಹೋಗಬಹುದು. ಇನ್ನು ಮನೆಯ ಮದುವೆ, ನಾಮಕರಣಕ್ಕೆ ಈ ದಾರಿ ಸರಿ. ಆಫೀಸಿನ ವಾರ್ಷಿಕೋತ್ಸವಕ್ಕೋ ಪ್ರಾಡಕ್ಟ್ ಲಾಂಚ್‌ಗೋ ಕಂಪನಿ ಹೆಸರಲ್ಲಿ ಬುಕ್ ಮಾಡಿದ್ದರೆ "ವಾಣಿಜ್ಯ ಉದ್ದೇಶ" ಅನ್ನುವ ಆಕ್ಷೇಪ ಬರುತ್ತದೆ, ಅಂಥವರು ವಕೀಲರ ನೋಟಿಸ್ ಮತ್ತು ಸಿವಿಲ್ ಕೋರ್ಟ್ ದಾರಿ ನೋಡಬೇಕು.

ಕೊನೆಯ ಕಂತು ಬಂದ ಮೇಲೆ ರಿಫಂಡ್ ವೋಚರ್ ಅಥವಾ ಕ್ರೆಡಿಟ್ ನೋಟ್ ಕೇಳಿ ಪಡೆಯಿರಿ, ಅದರಲ್ಲಿ 88,500 ಇದೆಯಾ ನೋಡಿಕೊಳ್ಳಿ. ಚೆಕ್ ಕೊಟ್ಟಿದ್ದು ಆಮೇಲೆ ಯುಪಿಐನಲ್ಲಿ ಹಣ ಹಾಕಿದ್ದರೆ, ಚೆಕ್ ವಾಪಸ್ ಕೊಟ್ಟು ಅದನ್ನೂ ಒಂದು ಮೆಸೇಜ್‌ನಲ್ಲಿ ಬರೆದುಬಿಡಿ.